ನಯವಾಗಿ ಮಾತಾಡುವ ಎಕ್ಸ್

ಬಿ.ಕಾಂ.ನಿಂದ ನೆಟ್‌ವರೆಗಿನ ಪರೀಕ್ಷೆಗಳಲ್ಲಿ ಒಂದು ಬಗೆಯ ಪ್ರಶ್ನೆ ಆಗಾಗ ಎದುರಾಗುತ್ತದೆ. ಮ್ಯಾನೇಜರೊಬ್ಬನ ಮಾತನ್ನು ಕೊಟ್ಟು, ಅದರ ಹಿಂದಿರುವುದು ಎಕ್ಸ್ ಸಿದ್ಧಾಂತವೋ ವೈ ಸಿದ್ಧಾಂತವೋ ಗುರುತಿಸಿ ಎನ್ನುತ್ತಾರೆ. ಗದರಿದರೆ ಎಕ್ಸ್, ನಯವಾಗಿ ಆಡಿದರೆ ವೈ ಎಂದು ಗುರುತು ಹಾಕುವವರೇ ಹೆಚ್ಚು. ಹಲವು ಪ್ರಶ್ನೆಗಳಲ್ಲಿ ಈ ಅಂದಾಜಿಗೆ ಅಂಕವೂ ಸಿಕ್ಕಿಬಿಡುತ್ತದೆ, ಅದೇ ತೊಂದರೆ.

ಡಗ್ಲಾಸ್ ಮೆಕ್‌ಗ್ರೆಗರ್ ಈ ಎರಡು ಹೆಸರು ಕೊಟ್ಟದ್ದು ಮ್ಯಾನೇಜರನ ಸ್ವಭಾವಕ್ಕಲ್ಲ, ಕೆಲಸಗಾರರ ಬಗ್ಗೆ ಅವನು ಇಟ್ಟುಕೊಂಡ ನಂಬಿಕೆಗೆ. ಮನುಷ್ಯನಿಗೆ ಕೆಲಸವೆಂದರೆ ಹುಟ್ಟಾ ಬೇಸರ, ಅವನು ಹೊಣೆಯಿಂದ ನುಣುಚಿಕೊಳ್ಳುತ್ತಾನೆ, ಭದ್ರತೆಯೊಂದಿದ್ದರೆ ಸಾಕೆನ್ನುತ್ತಾನೆ ಎಂಬುದು ಎಕ್ಸ್. ಆಟ, ವಿಶ್ರಾಂತಿಗಳಷ್ಟೇ ದುಡಿಮೆಯೂ ಸಹಜ, ಗುರಿ ತನ್ನದೆನಿಸಿದರೆ ಮನುಷ್ಯ ತನ್ನನ್ನು ತಾನೇ ನಡೆಸಿಕೊಳ್ಳುತ್ತಾನೆ, ಹೊಣೆಯನ್ನು ಹುಡುಕಿಕೊಂಡೂ ಹೋಗುತ್ತಾನೆ ಎಂಬುದು ವೈ.

ಈಗ ಈ ಮಾತು ನೋಡಿ: “ನಮ್ಮ ಹುಡುಗರು ಒಳ್ಳೆಯವರು. ಆಗಾಗ ಬೋನಸ್ಸು, ಒಂದು ಊಟ ಕೊಡಿಸುತ್ತಿದ್ದರೆ ಕೆಲಸ ಸಾಗುತ್ತದೆ. ನಿಲ್ಲಿಸಿದ ದಿನ ಯಾರೂ ಕೈ ಆಡಿಸುವುದಿಲ್ಲ.” ಮಾತಿನಲ್ಲಿ ಪ್ರೀತಿಯಿದೆ, ಆದರೂ ಇದು ಎಕ್ಸ್. ಹೊರಗಿನಿಂದ ಏನಾದರೂ ಬೀಳದಿದ್ದರೆ ಇವರು ಅಲುಗಾಡರು ಎಂದು ಈತ ಮೊದಲೇ ತೀರ್ಮಾನಿಸಿದ್ದಾನೆ. ಬೆದರಿಕೆಯ ಜಾಗದಲ್ಲಿ ಆಮಿಷ ಬಂದಿದೆ, ಅಷ್ಟೆ. ಇನ್ನೊಬ್ಬಳು ಬಿರುಸಾಗಿ ಹೇಳುತ್ತಾಳೆ: “ಶುಕ್ರವಾರದೊಳಗೆ ದೋಷವಿಲ್ಲದ ಮಾಲು ಹೊರಡಲೇಬೇಕು. ಹೇಗೆಂದು ನಾನು ಹೇಳುವುದಿಲ್ಲ, ಗುರಿ ಅವರೇ ಒಪ್ಪಿಕೊಂಡದ್ದು, ದಾರಿ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.” ದನಿ ಗಡಸು, ನಂಬಿಕೆ ವೈ. ವೈ ಎಂದರೆ ಸಡಿಲ ಬಿಡುವುದು ಎಂದುಕೊಂಡವರು ಇಲ್ಲಿ ಎಡವುತ್ತಾರೆ.

ಮೂರನೆಯದು ಇನ್ನೂ ಕಠಿಣ: “ನನ್ನ ಪಾಳಿಯವರು ಹೇಳಿದಷ್ಟೇ ಮಾಡುತ್ತಾರೆ, ಒಂದು ಸಲಹೆಯನ್ನೂ ಕೊಡುವುದಿಲ್ಲ.” ಉತ್ತರಪಟ್ಟಿ ಬಹುಶಃ ಎಕ್ಸ್ ಎನ್ನುತ್ತದೆ. ನಾನು ಒಪ್ಪಲಾರೆ. ಇದು ಕಂಡದ್ದರ ವರದಿ. ಕಾರಣವನ್ನು ಆತ ಇನ್ನೂ ಹೇಳಿಲ್ಲ. “ಅವರ ಜಾಯಮಾನವೇ ಅಷ್ಟು” ಎಂದು ಸೇರಿಸಿದರೆ ಎಕ್ಸ್. “ಹಿಂದೆ ಕೊಟ್ಟ ಸಲಹೆಗಳನ್ನು ನಾವು ಕೇಳಲೇ ಇಲ್ಲ” ಎಂದರೆ ವೈ.

ಮೆಕ್‌ಗ್ರೆಗರ್‌ನ ವಾದದ ತಿರುಳು ಇರುವುದೂ ಇಲ್ಲೇ. ಕಾರ್ಖಾನೆಗಳಲ್ಲಿ ಕಾಣುವ ಜಡತೆಯನ್ನು ಅವನು ಅಲ್ಲಗಳೆಯಲಿಲ್ಲ. ಅದು ಮನುಷ್ಯನ ಹುಟ್ಟುಗುಣವಲ್ಲ, ಅವನನ್ನು ನಡೆಸಿಕೊಂಡ ರೀತಿಯ ಫಲ ಎಂದ. ನಂಬದವನು ಕಾವಲಿಡುತ್ತಾನೆ, ಕಾವಲಿನಲ್ಲಿ ದುಡಿಯುವವನು ಹೇಳಿದಷ್ಟನ್ನೇ ಮಾಡುತ್ತಾನೆ, ಅದನ್ನು ಕಂಡು ಮೊದಲಿನವನ ಅಪನಂಬಿಕೆ ಗಟ್ಟಿಯಾಗುತ್ತದೆ. ಹಾಗಾಗಿ “ಇಪ್ಪತ್ತು ವರ್ಷದ ಅನುಭವದಿಂದ ಹೇಳುತ್ತಿದ್ದೇನೆ, ಇವರು ಸೋಮಾರಿಗಳು” ಎನ್ನುವ ಮ್ಯಾನೇಜರು ಸುಳ್ಳು ಹೇಳುತ್ತಿಲ್ಲ. ಆ ಇಪ್ಪತ್ತು ವರ್ಷದಲ್ಲಿ ಅವರಿಗೆ ತಾನು ಏನನ್ನು ನಿರ್ಧರಿಸಲು ಬಿಟ್ಟಿದ್ದೆ ಎಂಬುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.