ಬರೀ ಲಿಂಕ್ ಬಂದಾಗ

ಹಿಂದಿಲ್ಲ, ಮುಂದಿಲ್ಲ, ಬರೀ ಒಂದು ಲಿಂಕ್. ವಾಟ್ಸ್‌ಆ್ಯಪ್‌ನಲ್ಲಿ ಇಂಥ ಸಂದೇಶ ಬಂದರೆ ಹೆಬ್ಬೆರಳಿನ ಚಿತ್ರ ಒತ್ತಿ ಮುಂದೆ ಹೋಗುವವರೇ ಹೆಚ್ಚು. ಕಳಿಸಿದವರಿಗೆ ಮಾತ್ರ ಅದು ‘ಓದಿದೆ, ಒಪ್ಪಿದೆ’ ಎಂದೇ ಕೇಳಿಸುತ್ತದೆ. ಮಂಡಿನೋವಿನ ಸೋದರಮಾವ ಶಸ್ತ್ರಚಿಕಿತ್ಸೆ ಕುರಿತ ಲೇಖನದ ಲಿಂಕ್ ಕಳಿಸುತ್ತಾರೆ, ಅಳಿಯ ‘ಸೂಪರ್ ಮಾವ’ ಎನ್ನುತ್ತಾನೆ ಅಂತಿಟ್ಟುಕೊಳ್ಳಿ. ಮರುದಿನ ಮಾವ ಫೋನ್ ಮಾಡಿ, ‘ನೀನೂ ಓದಿದ್ಯಲ್ಲ, ಹಾಗಾದ್ರೆ ಡಾಕ್ಟ್ರಿಗೆ ಹೂಂ ಅಂದ್ಬಿಡ್ಲಾ?’ ಎಂದರೆ ಅವನು ಏನು ಹೇಳಬೇಕು?

ಸುಳ್ಳು ಹೇಳುವ ಉದ್ದೇಶ ಅವನಿಗಿರಲಿಲ್ಲ. ಲಿಂಕಿನ ಜೊತೆ ಚಿತ್ರ, ಶೀರ್ಷಿಕೆ, ಒಂದೆರಡು ಸಾಲು ಇರುವ ಪುಟ್ಟ ಚೌಕ ಬರುತ್ತದಲ್ಲ, ಅದನ್ನು ಓದಿ ವಿಷಯ ಗೊತ್ತಾಯಿತೆಂದುಕೊಂಡ. ಆ ಸಾಲುಗಳನ್ನು ಒದಗಿಸುವವರು ಜಾಲತಾಣದವರೇ. ಜನ ಒತ್ತಲಿ ಎಂಬ ಆಸೆ ಅದರಲ್ಲಿ ಇದ್ದೇ ಇರುತ್ತದೆ. ಮೇಲಾಗಿ ವಾಟ್ಸ್‌ಆ್ಯಪ್‌ನಲ್ಲಿ ಆ ಚೌಕ ಸಿದ್ಧವಾಗುವುದು ಕಳಿಸುವವರ ಫೋನಿನಲ್ಲಿ, ಕಳಿಸುವ ಹೊತ್ತಿಗೆ. ಆಮೇಲೆ ಲೇಖನವನ್ನು ತಿದ್ದಿದರೂ, ತೆಗೆದೇ ಹಾಕಿದರೂ ನಮ್ಮ ಪರದೆಯಲ್ಲಿ ಹಳೆಯ ಶೀರ್ಷಿಕೆಯೇ ಉಳಿದಿರುತ್ತದೆ.

ಹಾಗಾದರೆ ಏನು ಬರೆಯಬೇಕು? ಕಂಡಿದ್ದನ್ನು ಕಂಡಷ್ಟೇ ಬರೆಯಬೇಕು. ‘ಮಾವ, ಲಿಂಕ್ ಬಂತು. ಇನ್ನೂ ತೆರೆದು ನೋಡಿಲ್ಲ. ಮಂಡಿ ಆಪರೇಷನ್ ಅಂತ ಶೀರ್ಷಿಕೆ ಕಾಣ್ತಿದೆ. ನಿಮಗೆ ಡಾಕ್ಟ್ರು ಹೇಳಿದಾರಾ, ಇಲ್ಲ ಸುಮ್ನೆ ಓದಲಿ ಅಂತ ಕಳಿಸಿದ್ರಾ? ರಾತ್ರಿ ಊಟ ಆದ್ಮೇಲೆ ಓದಿ ಫೋನ್ ಮಾಡ್ತೀನಿ.’ ಇದರಲ್ಲಿ ಅಗೌರವ ಎಲ್ಲಿದೆ? ಮಾವನಿಗೆ ಬೇಕಿದ್ದದ್ದು ಆ ಪ್ರಶ್ನೆಯೇ ಇರಬಹುದು. ತೆರೆದಾಗ ಹಣ ಕಟ್ಟಿ ಎಂದು ಪುಟ ಅರ್ಧಕ್ಕೇ ನಿಂತರೆ ಅದನ್ನೂ ಹೇಳಿಬಿಡಬೇಕು: ‘ಎರಡು ಪ್ಯಾರಾ ಮಾತ್ರ ಓದೋಕಾಯ್ತು, ಮುಂದಿನದು ನಿಮ್ಮಲ್ಲಿ ಕಾಣ್ತಿದ್ರೆ ಏನಿದೆ ಹೇಳಿ.’

ತೆರೆಯಲೇಬಾರದ ಲಿಂಕುಗಳೂ ಇವೆ. ವಿಳಾಸದಲ್ಲಿ `https://` ಆದ ಮೇಲೆ ಮೊದಲ ಓರೆಗೆರೆಯವರೆಗೆ ಇರುವುದು ತಾಣದ ಹೆಸರು. ಅದು ಯಾರದೆಂದು ಹೇಳುವುದು ಅದರ ಕೊನೆಯ ಭಾಗ. `mybank.kyc-update.example` ಎಂದಿದ್ದರೆ ಮುಂದೆ ಬ್ಯಾಂಕಿನ ಹೆಸರಿದ್ದರೂ ತಾಣ ಬ್ಯಾಂಕಿನದಲ್ಲ. `.apk` ಎಂದು ಮುಗಿದರೆ ಅದು ಆ್ಯಪ್ ಹಾಕಿಸುವ ಫೈಲು. ಮದುವೆ ಆಮಂತ್ರಣದ ಹೆಸರಿನಲ್ಲೂ ಬರುತ್ತದೆ. ಕಳಿಸಿದವರು ಅಕ್ಕನೇ ಆಗಿದ್ದರೂ ಅವರ ಖಾತೆ ಬೇರೆಯವರ ಕೈಗೆ ಸಿಕ್ಕಿರಬಹುದು. ಹಾಗಾಗಿ ಅಲ್ಲೇ ಉತ್ತರ ಬರೆಯದೆ ಫೋನ್ ಮಾಡಿ ಕೇಳಿ: ‘ಅಕ್ಕ, ಇದು ನೀವೇ ಕಳಿಸಿದ್ದಾ?’ ಒತ್ತಿ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್ನು ಕಳಿಸುವವರಲ್ಲಿ ಒಂದು ವಿನಂತಿ. ಲಿಂಕಿನ ಕೆಳಗೆ, ಇದು ಯಾಕೆ, ಓದುವವರು ಏನು ಮಾಡಬೇಕು ಎಂದು ಒಂದು ಸಾಲು ಬರೆದು ಕಳಿಸಿ.