ಮಿತಿಯಿಲ್ಲದ್ದರ ಮಿತಿ

ಮಾತು ಸುಳ್ಳಾಗದೆಯೂ ಕೇಳಿದವರನ್ನು ದಾರಿ ತಪ್ಪಿಸಬಹುದೇ? ಬಬಲೇಶ್ವರದ ಹತ್ತಿರದ ಹಳ್ಳಿಯ ಅಂಗಡಿಕಾರರೊಬ್ಬರ ಫಜೀತಿಯನ್ನು ಕೇಳಿದಾಗಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಅವರ ಕಿರಾಣಿ ಅಂಗಡಿಯಲ್ಲಿ ಒಂದು ಝೆರಾಕ್ಸ್ ಮಶೀನೂ ಇದೆ. ಊರವರು ಉತಾರ, ಆಧಾರ್ ಕಾರ್ಡುಗಳ ಫೋಟೊ ವಾಟ್ಸಾಪಿಗೆ ಕಳಿಸಿ ಪ್ರತಿ ತೆಗೆಸುತ್ತಾರೆ. ‘ಅನ್‌ಲಿಮಿಟೆಡ್’ ಎಂಬ ದೊಡ್ಡ ಅಕ್ಷರ ನೋಡಿ ಅವರು ರಿಚಾರ್ಜ್ ಮಾಡಿಸಿದರು. ಮುಂಜಾನೆ ಎಲ್ಲ ಸರಿ. ಸಂಜೆ ನಾಲ್ಕಾಯಿತೆಂದರೆ ಫೋಟೊ ತೆರೆಯುವುದೇ ಇಲ್ಲ. ಗಿರಾಕಿಗಳು ಕಾದು ಕಾದು ಬೇರೆ ಅಂಗಡಿಗೆ ನಡೆದರು. ಟವರಿನದೇ ತಪ್ಪು ಎಂದು ಅವರು ತಿಳಿದಿದ್ದರು. ಆದರೆ ರಾತ್ರಿ ಹನ್ನೆರಡು ಹೊಡೆದೊಡನೆ ಎಲ್ಲ ಮತ್ತೆ ಸರಿಹೋಗುತ್ತಿತ್ತು. ಟವರು ಗಡಿಯಾರ ನೋಡಿ ಕೆಡುವುದಿಲ್ಲವಲ್ಲ!

ಕಂಪನಿಗೆ ಫೋನು ಮಾಡಿದಾಗ ಕರಾರು ಹೊರಬಿತ್ತು. ಪೂರ್ತಿ ವೇಗ ಸಿಗುವುದು ದಿನಕ್ಕೆ ಒಂದೂವರೆ ಜಿಬಿಗೆ ಮಾತ್ರ. ಅದು ತೀರಿದ ಮೇಲೆ ನಡುರಾತ್ರಿಯವರೆಗೆ ವೇಗ 64 ಕೆಬಿಪಿಎಸ್. ಅಂದರೆ ಸೆಕೆಂಡಿಗೆ ಎಂಟು ಕಿಲೋಬೈಟ್. ಎರಡು ಎಂಬಿಯ ಒಂದು ಫೋಟೊ ಇಳಿಯಲು ನಾಲ್ಕು ನಿಮಿಷಕ್ಕೂ ಹೆಚ್ಚು. ಒಂದೂವರೆ ಜಿಬಿ ಹೋದದ್ದೆಲ್ಲಿಗೆ? ಮಗ ಮಧ್ಯಾಹ್ನ ಅಪ್ಪನ ಹಾಟ್‌ಸ್ಪಾಟಿನಲ್ಲಿ ಸಿನಿಮಾ ನೋಡುತ್ತಿದ್ದ. ಸಾಧಾರಣ ಗುಣಮಟ್ಟದ ವಿಡಿಯೊ ಗಂಟೆಗೆ ಸುಮಾರು ಅರ್ಧ ಜಿಬಿ ನುಂಗುತ್ತದೆ. ಮೂರು ತಾಸಿಗೆ ದಿನದ ಪಾಲು ಮುಗಿಯಿತು. ‘ಅರ್ಧ ಮುಗಿದಿದೆ’, ‘ಶೇ. 90 ಮುಗಿದಿದೆ’ ಎಂಬ ಸಂದೇಶಗಳು ಬಂದೇ ಇದ್ದವು, ಇಂಗ್ಲಿಷಿನಲ್ಲಿ, ಜಾಹೀರಾತುಗಳ ನಡುವೆ.

“ನಾವೇನ್ ಬಂದ್ ಮಾಡಿಲ್ಲಲ್ಲ, ಸ್ವಲ್ಪ ಸಾವಕಾಶ ಮಾಡೀವಿ ಅಂತಾರ ಅಕ್ಕೋರ,” ಎಂದು ಅವರು ನಕ್ಕರು. “ನಳದಾಗ ಹನಿ ಹನಿ ನೀರು ಬಂದ್ರ, ನೀರು ಬರತೈತಿ ಅನ್ನಬೇಕೇನ್ರಿ?”

ಮಿತಿ ಇರುವುದೇ ಮೋಸವಲ್ಲ. ಒಂದು ಟವರಿನ ಶಕ್ತಿಯನ್ನು ಊರೆಲ್ಲ ಹಂಚಿಕೊಳ್ಳಬೇಕು. ಒಬ್ಬರೇ ಎಲ್ಲವನ್ನೂ ಎಳೆದುಕೊಂಡರೆ ಉಳಿದವರಿಗೆ ಸಾಲದು. ಖಾನಾವಳಿಯ ‘ಫುಲ್ ಊಟ’ಕ್ಕೂ ಮಿತಿಯಿದೆ; ರೊಟ್ಟಿ ಕಟ್ಟಿಕೊಂಡು ಮನೆಗೆ ಒಯ್ಯುವಂತಿಲ್ಲ. ಆದರೆ ಆ ಮಿತಿ ಬಡಿಸುವವನಿಗೂ ಉಣ್ಣುವವನಿಗೂ ಮೊದಲೇ ಗೊತ್ತು. ‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕ ಓದಿ ಯಾರೂ ಮರುದಿನ ಉದ್ರಿ ಕೇಳಲು ಬರುವುದಿಲ್ಲ. ಆಡಿದವರೂ ಕೇಳಿದವರೂ ಒಂದೇ ಅರ್ಥ ಹಿಡಿದಿದ್ದಾರೆ.

ಇಲ್ಲಿ ಹಾಗಲ್ಲ. ಮಾರುವವರಿಗೆ ಒಂದು ಅರ್ಥ ಗೊತ್ತು. ಕೊಳ್ಳುವವರು ಇನ್ನೊಂದನ್ನು ತಿಳಿಯುತ್ತಾರೆಂದೂ ಗೊತ್ತು. ಆ ಅಂತರದಿಂದಲೇ ವ್ಯಾಪಾರ ಕುದುರುತ್ತದೆ. ಟ್ರಾಯ್ 2020ರಲ್ಲಿಯೇ, ಎಷ್ಟು ಬಳಸಿದ ಮೇಲೆ ವೇಗ ಎಷ್ಟಕ್ಕಿಳಿಯುತ್ತದೆ ಎಂಬುದನ್ನು ಕಂಪನಿಗಳು ಪ್ರಕಟಿಸಬೇಕೆಂದು ನಿರ್ದೇಶಿಸಿತು. ಕರಾರು ಬರೆದಿರುತ್ತದೆ, ನಿಜ. ಓದುವ ಹೊಣೆ ನಮ್ಮದೂ ಹೌದು. ಆದರೆ ಭರವಸೆಯನ್ನು ದೊಡ್ಡ ಅಕ್ಷರದಲ್ಲಿ ಬರೆದವರು ಕರಾರನ್ನು ಸಣ್ಣ ಅಕ್ಷರದಲ್ಲಿ ಬರೆದರೆ, ಅವರು ಅದನ್ನು ತಿಳಿಸಲು ಬರೆದರೋ ತಪ್ಪಿಸಿಕೊಳ್ಳಲು ಬರೆದರೋ?

ಅಂಗಡಿಕಾರರು ಈಗ ಮಗನ ಫೋನಿಗೆ ಬೇರೆ ರಿಚಾರ್ಜ್ ಹಾಕಿಸಿದ್ದಾರೆ. ಅವರ ತಕ್ಕಡಿಯನ್ನು ಸರಕಾರ ಕಾಲಕಾಲಕ್ಕೆ ಪರೀಕ್ಷಿಸಿ ಮುದ್ರೆ ಹಾಕುತ್ತದೆ. ಅವರಿಗೆ ಮಾರಿದ ಆ ಒಂದು ಶಬ್ದವನ್ನು ತೂಗುವ ತಕ್ಕಡಿ ಮಾತ್ರ ಮಾರುವವರ ಮನಸ್ಸಿನಲ್ಲಿಯೇ ಇರಬೇಕು.