ಹೇಳದಿರುವುದು ಸುಳ್ಳಲ್ಲ



ಇಂದು ದಶಲಕ್ಷಣ ಪರ್ವದ ಉತ್ತಮ ಸತ್ಯದ ದಿನ. ಸತ್ಯ ಎಂದಕೂಡಲೇ ಕೋರ್ಟಿನ ಸಾಕ್ಷಿ, ಅಂಗಡಿಯ ತಕ್ಕಡಿ ನೆನಪಾಗುತ್ತವೆ. ಆದರೆ ಕೆಲಸಕ್ಕೆ ಹೋಗುವ ನಮ್ಮ ಮಕ್ಕಳು ಈ ವ್ರತದಲ್ಲಿ ಎಡವುವುದು ಹೆಚ್ಚಾಗಿ ಕಚೇರಿಯಲ್ಲಿ ಊಟದ ಡಬ್ಬಿ ಬಿಚ್ಚಿ ಕೂತಾಗ.

ಬೆಂಗಳೂರಿನ ಯಾವುದೋ ಕಚೇರಿ ಎಂದುಕೊಳ್ಳಿ. ಮೂವತ್ತರ ಹತ್ತಿರದ ಹುಡುಗಿಯನ್ನು ಪಕ್ಕದಲ್ಲಿ ಕೂತ ಹಿರಿಯ ಸಹೋದ್ಯೋಗಿ ಕೇಳುತ್ತಾರೆ: “ಏನಮ್ಮಾ, ಮದುವೆ ಯಾವಾಗ? ಮನೇಲಿ ನೋಡ್ತಿಲ್ವಾ?” ಏಪ್ರಿಲ್ ಬಂದರೆ ಇನ್ನೊಂದು: “ಈ ಸಲ ಎಷ್ಟು ಹೈಕ್ ಆಯ್ತು? ಕೈಗೆ ಎಷ್ಟು ಬರುತ್ತೆ?” ಕೇಳುವವರಲ್ಲಿ ಕೆಡುಕು ಇರಲೇಬೇಕೆಂದಿಲ್ಲ. ಬರಿಯ ಅಭ್ಯಾಸ ಇರಬಹುದು, ಅಕ್ಕರೆಯೂ ಇರಬಹುದು.

ಹುಡುಗಿಗೆ ತಟ್ಟನೆ ತೋಚುವುದು ಒಂದು ಸುಳ್ಳು. “ಹತ್ತಿರ ಬಂದಿದೆ ಮೇಡಂ” ಎಂದುಬಿಡುತ್ತಾಳೆ. ಮರುವಾರ “ಹುಡುಗ ಯಾವ ಊರು?” ಎಂಬ ಪ್ರಶ್ನೆ ಬರುತ್ತದೆ, ಅದಕ್ಕೂ ಒಂದು ಸುಳ್ಳು ಬೇಕಾಗುತ್ತದೆ. ಸಂಬಳವನ್ನು ಹತ್ತು ಸಾವಿರ ಇಳಿಸಿ ಹೇಳಿದರೆ ಅದು ಇನ್ನೂ ಕೆಟ್ಟದ್ದು. ಅದನ್ನೇ ನಂಬಿದ ಕಿರಿಯ ಹುಡುಗನೊಬ್ಬ ತನ್ನ ಸಂಬಳದ ಮಾತುಕತೆಯಲ್ಲಿ ಕಡಿಮೆಗೆ ಒಪ್ಪಿಕೊಂಡಾನು. “ಕಂಪನಿ ರೂಲ್ಸ್ ಪ್ರಕಾರ ಹೇಳೋ ಹಾಗಿಲ್ಲ” ಎನ್ನುವುದೂ ಅಷ್ಟೆ. ನೇಮಕಾತಿ ಪತ್ರದಲ್ಲಿ ಆ ಷರತ್ತು ಇದ್ದರೆ ಅದು ಸತ್ಯ, ಇಲ್ಲದಿದ್ದರೆ ಮರ್ಯಾದೆಯ ಬಟ್ಟೆ ಉಟ್ಟ ಸುಳ್ಳು.

ಹಾಗಾದರೆ ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕೇ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ಸತ್ಯಾಣುವ್ರತವನ್ನು ಹೇಳುವಾಗ ಸ್ಥೂಲ ಸುಳ್ಳನ್ನು ತಾನೂ ಆಡಬಾರದು, ಇತರರಿಂದಲೂ ಆಡಿಸಬಾರದು ಎನ್ನುತ್ತಾರೆ. ಆಪತ್ತು ತರುವುದಾದರೆ ನಿಜವನ್ನೂ ಆಡಬಾರದೆಂದು ಜೊತೆಗೇ ಸೇರಿಸುತ್ತಾರೆ. ಮನಸ್ಸಿನಲ್ಲಿದ್ದುದನ್ನೆಲ್ಲ ಬಿಚ್ಚಿಡಬೇಕೆಂದು ವ್ರತ ಕೇಳುವುದಿಲ್ಲ. ಮಾತನ್ನು ತಡೆದುಕೊಳ್ಳುವುದು ವಚನಗುಪ್ತಿ. ಆಡುವುದಾದರೆ ಹಿತವಾಗಿ, ಮಿತವಾಗಿ ಆಡುವುದು ಭಾಷಾ ಸಮಿತಿ. ಇವೆರಡೂ ಮುನಿಗಳ ಆಚಾರವೆಂಬುದು ನಿಜ. ಆದರೂ ಊಟದ ಮೇಜಿನಲ್ಲಿ ಇವು ನಮಗೂ ಬೇಕು.

“ಅದು ಮನೆಯ ಮಾತು ಮೇಡಂ, ಇಲ್ಲಿ ಬೇಡ. ನಿಮ್ಮ ಮೊಮ್ಮಗ ಶಾಲೆಗೆ ಹೊಂದಿಕೊಂಡನಾ?” ಇದರಲ್ಲಿ ಸುಳ್ಳಿಲ್ಲ, ಗಾಯವಿಲ್ಲ, ಮಾತು ಮುಂದೆ ಹೋಗಲು ದಾರಿಯೂ ಇದೆ. ನಗುತ್ತಾ ಹೇಳಬೇಕು, ಮತ್ತೆ ವಿವರಣೆಗೆ ಇಳಿಯಬಾರದು. ಕಾರಣ ಕೊಟ್ಟಷ್ಟೂ ಹೊಸ ಪ್ರಶ್ನೆಗೆ ಎಡೆ ಸಿಗುತ್ತದೆ. “ಆದಾಗ ಖಂಡಿತ ಕರೀತೀನಿ” ಎಂಬ ಉತ್ತರವೂ ಬಳಕೆಯಲ್ಲಿದೆ. ಕರೆಯುವ ಮನಸ್ಸಿದ್ದವರು ಮಾತ್ರ ಅದನ್ನು ಆಡಲಿ. ಸಂಬಳಕ್ಕೆ “ಅಂಕಿ ಹೇಳೋ ಅಭ್ಯಾಸ ಇಟ್ಕೊಂಡಿಲ್ಲ ಸಾರ್, ನೀವು ಯಾಕೆ ಕೇಳಿದ್ರಿ?” ಎಂದು ಕೇಳಬಹುದು. ಈ ಮರುಪ್ರಶ್ನೆ ಚುಚ್ಚುವಂತಿರಬಾರದು, ನಿಜಕ್ಕೂ ತಿಳಿಯಲು ಕೇಳಿದಂತಿರಬೇಕು. “ನನಗೆ ಕಡಿಮೆ ಕೊಡ್ತಿದ್ದಾರೇನೋ ಅಂತ ಅನುಮಾನ” ಎಂದು ಅವರು ಹೇಳಿದರೆ ಪ್ರಶ್ನೆಯ ಬಣ್ಣವೇ ಬದಲಾಗುತ್ತದೆ. ಆಗ ಇಂಥ ಕೆಲಸಕ್ಕೆ ಸುಮಾರು ಇಷ್ಟರಿಂದ ಇಷ್ಟು ಎಂದು ತಿಳಿಸುವುದು ಉಪಕಾರವೇ.

ಮೂರನೆಯ ಸಲವೂ ಕೇಳಿದರೆ ಅವರೊಬ್ಬರೇ ಇರುವಾಗ ಹೇಳಿ: “ಈ ವಿಷಯ ಎತ್ತಿದಾಗ ನನಗೆ ಕಷ್ಟ ಆಗುತ್ತೆ, ಇನ್ನು ಕೇಳಬೇಡಿ.” ಎಲ್ಲರೆದುರು ಹೇಳಿದರೆ ಅವರಿಗೆ ಅವಮಾನ, ನಿಮಗೆ ಹಗೆ.

ಕೆಲವರು ಎದುರೇಟು ಕೊಡುತ್ತಾರೆ: “ನಿಮ್ಮ ಮಗನ ಡೈವೋರ್ಸ್ ಏನಾಯ್ತು?” ಇದು ಬರಿಯ ಒರಟುತನವಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ 5 ಅತಿಚಾರಗಳನ್ನು ಎಣಿಸುತ್ತಾರೆ. ಅದರಲ್ಲಿ ರಹೋಭ್ಯಾಖ್ಯಾನ ಒಂದು. ಗಂಡು ಹೆಣ್ಣಿನ ನಡುವಿನ ಗುಟ್ಟನ್ನು ಹೊರಗೆಡಹುವುದು ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಬಿಡಿಸಿ ಹೇಳುತ್ತಾರೆ. ಇನ್ನೊಬ್ಬರ ಹುಬ್ಬಿನ ಚಲನೆಯಿಂದ ಒಳಗಿನದನ್ನು ಊಹಿಸಿ, ಅಸೂಯೆಯಿಂದ ಹೊರಗೆಡಹುವುದು ಸಾಕಾರಮಂತ್ರಭೇದ. ಮದುವೆಯ ಮಾತಿಗೆ ಆ ಹುಡುಗಿಯ ಮುಖ ಬಾಡಿದ್ದನ್ನು ನೋಡಿ “ಏನೋ ಇದೆ ಅಲ್ಲಿ” ಎಂದು ಪಕ್ಕದವರಿಗೆ ದಾಟಿಸುವವರು ಸಾಕಾರಮಂತ್ರಭೇದದ ನೆರೆಗೇ ಬಂದಿರುತ್ತಾರೆ. ಉತ್ತರ ಕೊಡುವವಳಿಗಷ್ಟೇ ಅಲ್ಲ, ಕೇಳುವವರಿಗೂ ವ್ರತವಿದೆ.

ಈ ಮೌನಕ್ಕೂ ಒಂದು ಗಡಿ ಇದೆ. ಸಾಲ ಕೊಡುವ ಬ್ಯಾಂಕಿನವರು, ತೆರಿಗೆ ಇಲಾಖೆಯವರು, ಸಂಬಂಧ ಬೆಳೆಸಲು ಬಂದ ಮನೆಯವರು ಇದೇ ಪ್ರಶ್ನೆ ಕೇಳಿದಾಗ “ಅದು ಮನೆಯ ಮಾತು” ಎನ್ನಲಾಗದು, ಅವರಿಗೆ ತಿಳಿಯುವ ಹಕ್ಕಿದೆ. ಹುಡುಗನ ಕಡೆಯವರು ಪಿಎಫ್, ವಿಮೆ, ಬೋನಸ್ ಎಲ್ಲ ಕೂಡಿಸಿದ ವಾರ್ಷಿಕ ಮೊತ್ತವನ್ನು ಹೇಳಿ, ತಿಂಗಳಿಗೆ ಕೈಗೆ ಬರುವುದನ್ನು ನುಂಗಿಬಿಡುವುದುಂಟು. ಅಲ್ಲಿ ಸ್ಯಾಲರಿ ಸ್ಲಿಪ್ಪಿನ ಕೊನೆಯ ಸಾಲಿನಲ್ಲಿರುವ ಅಂಕಿಯನ್ನೇ ಹೇಳಬೇಕು.